ಕುಷ್ಕದಿಂದ ಡೆವಿಲ್ ಚಟ್ನಿಯವರೆಗೆ: ಚಿನ್ನದ ಗಣಿ ಸೀಮೆಯ ತಿನಿಸಿನ ಹೆಸರುಗಳು

ಬಂಗಾರಪೇಟೆಯಲ್ಲಿ ಬಂಗಾರ ಸಿಗುವುದಿಲ್ಲ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗನ ಹೆಸರಿನಿಂದ ಅದು ಬೌರಿಂಗ್‌ಪೇಟೆ ಆಗಿತ್ತು. ಚಿನ್ನದ ಗಣಿಗಳಿಗೆ ಹೋಗುವ ರೈಲು ಇಲ್ಲಿಂದಲೇ ಕವಲೊಡೆದು ಉರಿಗಾಂ ದಾಟಿ ಮಾರಿಕುಪ್ಪಂ ಮುಟ್ಟುತ್ತದೆ. ಜನರ ನಾಲಗೆ ಬೌರಿಂಗನನ್ನು ಬಿಟ್ಟು ಬಂಗಾರವನ್ನು ಹಿಡಿದುಕೊಂಡಿತು. ಹೊಸ ಹೆಸರು ಕಿವಿಗೂ ಇಂಪು, ದಾರಿಯನ್ನೂ ಹೇಳುತ್ತದೆ. ಸಣ್ಣ ಹೋಟೆಲಿನ ದರಪಟ್ಟಿ ಬರೆಯುವವನಿಗೂ ಬೇಕಾಗಿರುವುದು ಇಂಥ ಹೆಸರೇ. ಆದರೆ ಅದು ಅಷ್ಟು ಸುಲಭವಾಗಿ ದಕ್ಕುವುದಿಲ್ಲ.

ಈ ಸೀಮೆಯ ಬಿರಿಯಾನಿ ಹೋಟೆಲುಗಳ ಬೋರ್ಡಿನಲ್ಲಿ ಕಾಣುವ 'ಕುಷ್ಕ'ವನ್ನೇ ನೋಡೋಣ. ಪಾರಸಿಯಲ್ಲಿ 'ಖುಷ್ಕ್' ಎಂದರೆ ಒಣಗಿದ್ದು. ನಮ್ಮ ರೈತರಿಗೆ ಇದು ಅಪರಿಚಿತವಲ್ಲ. ಪಹಣಿಯಲ್ಲಿ ಮಳೆ ನಂಬಿದ ಜಮೀನಿಗೆ 'ಖುಷ್ಕಿ' ಎಂದೂ ನೀರಾವರಿಯ ಗದ್ದೆಗೆ 'ತರಿ' ಎಂದೂ ಬರೆಯುವುದು ಇದೇ ಭಾಷೆಯಿಂದ ಬಂದ ರೂಢಿ. ಅಬುಲ್ ಫಜಲ್ 'ಐನೆ ಅಕ್ಬರಿ'ಯಲ್ಲಿ ಮಾಂಸವಿಲ್ಲದ ಅಡುಗೆಗಳ ಸಾಲಿನಲ್ಲಿ ಖುಷ್ಕವನ್ನು ಸೇರಿಸಿದ್ದಾನೆ. ಅವನು ಕೊಡುವ ಅಳತೆ 10 ಸೇರು ಅಕ್ಕಿಗೆ ಅರ್ಧ ಸೇರು ಉಪ್ಪು, ಅಷ್ಟೇ. ಅಂದರೆ ಬರೀ ಅನ್ನ.

ನಮ್ಮ ಹೋಟೆಲುಗಳಿಗೆ ಬರುವ ಹೊತ್ತಿಗೆ ಹೆಸರು ಉಳಿದು ಅಡುಗೆ ಬದಲಾಗಿದೆ. ಇಲ್ಲಿ ಕುಷ್ಕವೆಂದರೆ ಹೆಚ್ಚಾಗಿ ಬಿರಿಯಾನಿಯ ಹಂಡೆಯಿಂದಲೇ ತುಂಡು ಬಿಟ್ಟು ತೆಗೆದ ಅನ್ನ. ಬೆಲೆ ಕಡಿಮೆ, ಮಸಾಲೆ ಪೂರ್ತಿ. ಕೂಲಿ ಮಾಡುವವನ ಹೊಟ್ಟೆಗೆ ಇದಕ್ಕಿಂತ ಒಳ್ಳೆಯ ಲೆಕ್ಕಾಚಾರವಿಲ್ಲ. ಊರಿನವರಿಗೆ ಈ ಒಂದು ಪದ ಸಾಕು. ಆದರೆ ಹೊರಗಿನಿಂದ ಬಂದ ಸಸ್ಯಾಹಾರಿಯೊಬ್ಬರು 'ತುಂಡಿಲ್ಲ' ಎಂಬ ಮಾತನ್ನು 'ಮಾಂಸವಿಲ್ಲ' ಎಂದು ಕೇಳಿಸಿಕೊಂಡರೆ? ಅಕ್ಕಿ ಬೆಂದಿರುವುದು ಮಾಂಸದ ರಸದಲ್ಲಿ. ತಟ್ಟೆ ನೋಡಿದರೂ ತಿಳಿಯುವುದಿಲ್ಲ, ತಿಂದ ಮೇಲೆ ತಿಳಿದು ಫಲವಿಲ್ಲ. ಹಲಾಲ್ ಬಗ್ಗೆ ನಾವು ಎಷ್ಟು ಎಚ್ಚರದಿಂದ ವಿಚಾರಿಸುತ್ತೇವೋ ಅಷ್ಟೇ ಎಚ್ಚರ ಅವರಿಗೂ ಸಲ್ಲಬೇಕು. 'ಪ್ಲೇನ್ ಬಿರಿಯಾನಿ' ಎಂದು ಬದಲಾಯಿಸಿದರೆ ಗೊಂದಲ ಇನ್ನೂ ಹೆಚ್ಚು. ಕುಷ್ಕ ಎಂಬ ಹೆಸರನ್ನೇ ಉಳಿಸಿ, ಕೆಳಗೆ ಸಣ್ಣಕ್ಷರದಲ್ಲಿ 'ಮಟನ್ ಬಿರಿಯಾನಿ ಅನ್ನ, ತುಂಡಿಲ್ಲದೆ' ಎಂದು ಬರೆದರೆ ಹಳಬನಿಗೆ ರುಚಿ ಕೆಡುವುದಿಲ್ಲ, ಹೊಸಬನಿಗೆ ಮೋಸವಾಗುವುದಿಲ್ಲ.

ಗಣಿಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಹೆಸರಿಡುವ ರೀತಿಯೇ ಬೇರೆ. ತಮಿಳರ 'ಮಿಳಗು ತಣ್ಣಿ', ಅಂದರೆ ಮೆಣಸಿನ ನೀರು, ಇಂಗ್ಲಿಷರ ಬಾಯಲ್ಲಿ 'ಮಲ್ಲಿಗಟಾನಿ' ಆಯಿತು. ಹೆಸರಿನ ಅರ್ಥ ಮರೆತದ್ದೇ ತಡ, ಅದಕ್ಕೆ ಬೇಳೆ, ಮಾಂಸ ಎಲ್ಲ ಸೇರಿ ಗಟ್ಟಿ ಸೂಪಾಯಿತು. ನೀರು ಹೋಯಿತು, ಹೆಸರಿನಲ್ಲಿ ಮಾತ್ರ 'ತಣ್ಣಿ' ಉಳಿಯಿತು. ಆದರೆ ಗಣಿಯ ಮನೆಗಳು ಅನ್ನಕ್ಕೆ ಹಾಕಿಕೊಳ್ಳುವ ತಿಳಿಸಾರನ್ನು ನೇರವಾಗಿ ಅನುವಾದಿಸಿ 'ಪೆಪ್ಪರ್ ವಾಟರ್' ಎಂದವು. ಕೇಳಲು ಸಪ್ಪೆ, ಆದರೆ ಬಟ್ಟಲಿನಲ್ಲಿ ಇರುವುದನ್ನೇ ಹೇಳುತ್ತದೆ.

ಅದೇ ಮನೆಗಳ 'ಡೆವಿಲ್ ಚಟ್ನಿ' ಇದಕ್ಕೆ ತದ್ವಿರುದ್ಧ. ತೆಂಗಿನ ಹಾಲಿನ ಹಳದಿ ಅನ್ನ, ಕೈಮಾ ಉಂಡೆಯ ಸಾರು, ಪಕ್ಕದಲ್ಲಿ ಕೆಂಪಗೆ ಹೊಳೆಯುವ ಈ ಚಟ್ನಿ. ಹಸಿ ಈರುಳ್ಳಿ, ಕೆಂಪು ಮೆಣಸಿನಕಾಯಿ, ಸಕ್ಕರೆ, ಉಪ್ಪು, ವಿನಿಗರ್ ಹಾಕಿ ನುಣ್ಣಗೆ ಅರೆದರೆ ಮುಗಿಯಿತು. ಒಲೆ ಹಚ್ಚುವ ಅಗತ್ಯವೇ ಇಲ್ಲ. ಇಂಗ್ಲಿಷ್ ಅಡುಗೆಯಲ್ಲಿ ಖಾರ ಹಾಕಿದ್ದಕ್ಕೆ ಸೈತಾನನ ಹೆಸರಿಡುವುದು ಹಳೆಯ ವಾಡಿಕೆ. ಕೋಲಾರ ಚಿನ್ನದ ಗಣಿಯಲ್ಲಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಇಂಥ ಅಡುಗೆಗಳನ್ನು ಪುಸ್ತಕಗಳಲ್ಲಿ ದಾಖಲಿಸಿದ್ದಾರೆ. ಹೆಸರು ಗಿರಾಕಿಯನ್ನು ನಿಲ್ಲಿಸುತ್ತದೆ, ನಿಜ. ಆದರೆ ಸೈತಾನ ಎಂದರೆ ಖಾರ ಎಂದಷ್ಟೇ ಹೊಳೆಯುತ್ತದೆ. ಸಿಹಿ, ಹುಳಿ ಎರಡೂ ಅಡಗಿ ಕೂತಿವೆ. 'ಈರುಳ್ಳಿ, ವಿನಿಗರ್‌ನ ಸಿಹಿಖಾರ ಚಟ್ನಿ' ಎಂದು ಒಂದು ಸಾಲು ಕೆಳಗಿರಬೇಕು. ಪೆಪ್ಪರ್ ವಾಟರಿಗೆ ಅಂಥ ಸಾಲು ಬೇಕಿಲ್ಲ.

ಊರಿನ ಹೆಸರೂ ಹೀಗೆಯೇ ತೂಕ ನೋಡಿ ಬಳಸುವಂಥದ್ದು. ಬೆಂಗಳೂರಿನ ಬೀದಿಯಲ್ಲಿ 'ಬಂಗಾರಪೇಟೆ ಪಾನಿಪೂರಿ' ಎಂಬ ಬೋರ್ಡು ಕಂಡರೆ ಬಲ್ಲವರಿಗೆ ಒಡನೆ ತಿಳಿಯುತ್ತದೆ: ನೀರು ಹಸಿರಲ್ಲ, ಕಂದು ಬಣ್ಣದ್ದಲ್ಲ, ತಿಳಿನೀರು, ನೋಡಲು ಸಾಧು, ಬಾಯಿಗಿಟ್ಟರೆ ಖಾರ. ಬಂಗಾರಪೇಟೆಯಲ್ಲೇ ಅಂಗಡಿ ಇಟ್ಟವನಿಗೆ ಊರಿನ ಹೆಸರು ಏನನ್ನೂ ಹೇಳುವುದಿಲ್ಲ. ಅವನು 'ತಿಳಿನೀರಿನ ಪಾನಿಪೂರಿ' ಎಂದು ಬರೆದರೆ ರೈಲಿನಿಂದ ಇಳಿದವನು ಬಣ್ಣವಿಲ್ಲದ ನೀರನ್ನು ಕಂಡು ಮಸಾಲೆ ಹಾಕುವುದನ್ನು ಮರೆತಿದ್ದಾರೆಂದು ಜಗಳಕ್ಕೆ ಬರುವುದಿಲ್ಲ.