ಅಂಗಡಿಯ ಸಾಲದ ಪಟ್ಟಿಯಲ್ಲಿ ನಮ್ಮ ಪಾಯಿಂಟುಗಳು

ಸೂಪರ್ ಮಾರ್ಕೆಟ್ಟಿನ ಬಿಲ್ಲಿನ ಕೊನೆಯಲ್ಲಿ "ನಿಮ್ಮ ಖಾತೆಯಲ್ಲಿ ಇಷ್ಟು ಪಾಯಿಂಟುಗಳಿವೆ" ಎಂದು ಒಂದು ಸಾಲು ಇರುತ್ತದಲ್ಲ, ಅದನ್ನು ನಾವು ಬಹುಮಾನ ಎಂದುಕೊಳ್ಳುತ್ತೇವೆ. ಅಂಗಡಿಯ ಲೆಕ್ಕದಲ್ಲಿ ಅದು ಸಾಲ. ಬ್ಯಾಂಕಿನವನಾದ ನನಗೆ ಇದು ತಕ್ಷಣ ಅರ್ಥವಾಗುವ ಮಾತು. ನೀವು ಕಟ್ಟಿದ ಠೇವಣಿ ನಿಮಗೆ ಆಸ್ತಿ, ಬ್ಯಾಂಕಿಗೆ ಹೊಣೆ. ಪಾಯಿಂಟಿನ ಕಥೆಯೂ ಹಾಗೆಯೇ. ಆದರೆ ಅಂಗಡಿಗಳು ಇದನ್ನು ಇವತ್ತಿನ ರೀತಿಯಲ್ಲಿ ಒಪ್ಪಿಕೊಳ್ಳಲು ಬಹಳ ವರ್ಷ ಬೇಕಾಯಿತು. ಆ ಕಥೆ ಹೇಳಲು ಇಂಗ್ಲೆಂಡಿನ ಟೆಸ್ಕೋ ಅಂಗಡಿ ಒಳ್ಳೆಯ ಉದಾಹರಣೆ.

ಪಾಯಿಂಟುಗಳಿಗೆ ಮೊದಲು ಸ್ಟಾಂಪುಗಳಿದ್ದವು. ಅಮೆರಿಕದಲ್ಲಿ ಸ್ಪೆರಿ ಮತ್ತು ಹಚಿನ್ಸನ್ ಎಂಬಿಬ್ಬರು 1896ರಲ್ಲಿ ಶುರುಮಾಡಿದ ಕಂಪನಿಯ ಹಸಿರು ಸ್ಟಾಂಪುಗಳು ಮುಂದೆ ಮನೆಮಾತಾದವು. ಇಂಗ್ಲೆಂಡಿನಲ್ಲಿ 1958ರಲ್ಲಿ ರಿಚರ್ಡ್ ಟಾಂಪ್ಕಿನ್ಸ್ ಎಂಬುವರು ಗ್ರೀನ್ ಶೀಲ್ಡ್ ಸ್ಟಾಂಪ್ ತಂದರು. ಸಾಮಾನು ಕೊಂಡವರಿಗೆ ಅಂಗಡಿಯವನು ಸ್ಟಾಂಪು ಕೊಡುತ್ತಿದ್ದ. ಮನೆಯಲ್ಲಿ ಪುಸ್ತಕಕ್ಕೆ ಅಂಟಿಸಿ, ಪುಸ್ತಕ ತುಂಬಿದ ಮೇಲೆ ಸ್ಟಾಂಪ್ ಕಂಪನಿಯ ಮಳಿಗೆಗೆ ಹೋಗಿ ಇಸ್ತ್ರಿಪೆಟ್ಟಿಗೆಯನ್ನೋ ಪಾತ್ರೆಯನ್ನೋ ತರಬಹುದಿತ್ತು. ಟೆಸ್ಕೋ 1963ರಲ್ಲಿ ಇದಕ್ಕೆ ಸೇರಿತು. ಮರುವರ್ಷ ಅಲ್ಲಿನ ಪಾರ್ಲಿಮೆಂಟು, ಸ್ಟಾಂಪಿನ ಮೇಲೆ ಅದರ ನಗದು ಬೆಲೆ ಮುದ್ರಿಸಬೇಕು, ಗ್ರಾಹಕ ಕೇಳಿದರೆ ನಗದನ್ನೂ ಕೊಡಬೇಕು ಎಂದು ಕಾನೂನು ಮಾಡಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಅಂಗಡಿಯವನು ಸ್ಟಾಂಪುಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದ. ಕೊಂಡಾಗ ಖರ್ಚು ಬರೆದರೆ ಅವನ ಪಾಲಿನ ಲೆಕ್ಕ ಮುಗಿಯಿತು. ಗ್ರಾಹಕರಿಗೆ ಮುಂದೆ ಸಾಮಾನು ಕೊಡುವ ಹೊಣೆ ಸ್ಟಾಂಪ್ ಕಂಪನಿಯ ಪುಸ್ತಕದಲ್ಲಿ ಇರುತ್ತಿತ್ತು.

1977ರಲ್ಲಿ ಟೆಸ್ಕೋ ಸ್ಟಾಂಪು ಬಿಟ್ಟು ಬೆಲೆ ಇಳಿಸಿತು. 18 ವರ್ಷಗಳ ನಂತರ, 1995ರಲ್ಲಿ, ಕ್ಲಬ್‌ಕಾರ್ಡ್ ತಂದಿತು. ಕೊಂಡದ್ದರ ಸುಮಾರು ಶೇಕಡಾ 1ರಷ್ಟು ಪಾಯಿಂಟಾಗಿ ಸೇರುತ್ತಿತ್ತು, ಮೂರು ತಿಂಗಳಿಗೊಮ್ಮೆ ವೋಚರ್ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ಈ ಬಾರಿ ನಡುವೆ ಸ್ಟಾಂಪ್ ಕಂಪನಿ ಇರಲಿಲ್ಲ. ಹೊಣೆ ನೇರವಾಗಿ ಅಂಗಡಿಯ ಮನೆಗೇ ಬಂತು!

ಅದನ್ನು ಬರೆಯುವುದು ಹೇಗೆ? ಆಗ ಎರಡು ಪಂಥಗಳಿದ್ದವು. ಒಂದು ಪಂಥದವರು, ಇದು ಜಾಹೀರಾತಿನಂಥ ಖರ್ಚು, ಮಾರಾಟವನ್ನು ಪೂರ್ತಿ ಇವತ್ತೇ ಆದಾಯವೆಂದು ಬರೆಯೋಣ, ಪಾಯಿಂಟು ತೀರಿಸಲು ತಗಲುವ ಖರ್ಚನ್ನು ಮಾತ್ರ ಅಂದಾಜು ಮಾಡಿ ತೆಗೆದಿಡೋಣ ಎನ್ನುತ್ತಿದ್ದರು. ಟೆಸ್ಕೋ ಕೂಡ ಹೀಗೆಯೇ ಅದನ್ನು ಮಾರಿದ ಸರಕಿನ ವೆಚ್ಚದಲ್ಲಿ ಸೇರಿಸುತ್ತಿತ್ತು. ಇನ್ನೊಂದು ಪಂಥದ ವಾದ ಬೇರೆ. ಗ್ರಾಹಕ ಕೊಟ್ಟ ಹಣದಲ್ಲಿ ಎರಡು ವಸ್ತುಗಳ ಬೆಲೆ ಇದೆ. ಒಂದು ಇವತ್ತು ಕೊಟ್ಟ ಸಾಮಾನು, ಇನ್ನೊಂದು ನಾಳೆ ಕೊಡಬೇಕಾದ ಸಾಮಾನು. ನಾಳೆಯದನ್ನು ಇನ್ನೂ ಕೊಟ್ಟಿಲ್ಲವಾದ್ದರಿಂದ ಅದರ ಹಣ ಇವತ್ತಿನ ಆದಾಯವಲ್ಲ.

2007ರಲ್ಲಿ ಬಂದ ಐಎಫ್‌ಆರ್‌ಐಸಿ 13 ಎಂಬ ಅಂತಾರಾಷ್ಟ್ರೀಯ ವ್ಯಾಖ್ಯಾನ ಎರಡನೆಯ ಪಂಥವನ್ನು ಎತ್ತಿಹಿಡಿಯಿತು. ಹೊಣೆಯನ್ನು ಅಂಗಡಿಯ ಖರ್ಚಿನ ದರದಲ್ಲಿ ಅಲ್ಲ, ಗ್ರಾಹಕನಿಗೆ ಸಿಗುವ ಬೆಲೆಯ ದರದಲ್ಲಿ ಬರೆಯಬೇಕಾಯಿತು. ಮಾರಾಟದ ಅಂಕಿಯೇ ತಗ್ಗಿತು. ಅದಕ್ಕೇ ಟೆಸ್ಕೋ ಹಲವು ವರ್ಷ ತನ್ನ ವರದಿಯಲ್ಲಿ "ಐಎಫ್‌ಆರ್‌ಐಸಿ 13ರ ಪರಿಣಾಮ ಬಿಟ್ಟು" ಎಂಬ ಮಾರಾಟದ ಅಂಕಿಯನ್ನೂ ತೋರಿಸುತ್ತಿತ್ತು. 2018ರಿಂದ ಆ ಜಾಗಕ್ಕೆ ಐಎಫ್‌ಆರ್‌ಎಸ್ 15 ಬಂತು. ನಮ್ಮ ದೇಶದಲ್ಲಿ ಅದೇ ವರ್ಷದ ಏಪ್ರಿಲ್ 1ರಿಂದ, ಇಂಡ್ ಎಎಸ್ ಪಾಲಿಸುವ ಕಂಪನಿಗಳಿಗೆ, ಅದೇ ತತ್ವದ ಇಂಡ್ ಎಎಸ್ 115 ಜಾರಿಯಾಯಿತು.

ಬರಿಯ ಮಾತಿಗಿಂತ ಒಂದು ಲೆಕ್ಕ ಹಾಕಿ ನೋಡೋಣ. ಒಂದು ಅಂಗಡಿ 10 ಲಕ್ಷ ರೂಪಾಯಿಯ ಸಾಮಾನು ಮಾರಿ 10,000 ಪಾಯಿಂಟು ಕೊಟ್ಟಿತು ಎನ್ನಿ. ಒಂದು ಪಾಯಿಂಟಿಗೆ ಒಂದು ರೂಪಾಯಿ. ಹಿಂದಿನ ಅನುಭವದಂತೆ 8,000 ಪಾಯಿಂಟು ಮಾತ್ರ ವಾಪಸು ಬರುತ್ತದೆ. ಹಾಗಾದರೆ ಪಾಯಿಂಟುಗಳ ಬೆಲೆ 8,000 ರೂಪಾಯಿ. ಬಂದ 10 ಲಕ್ಷವನ್ನು ಸಾಮಾನಿಗೂ ಪಾಯಿಂಟಿಗೂ 10,00,000 ಮತ್ತು 8,000ರ ಪ್ರಮಾಣದಲ್ಲಿ ಹಂಚಬೇಕು. ಪಾಯಿಂಟಿನ ಪಾಲು 7,937 ರೂಪಾಯಿ. ಇಷ್ಟು ಹೊಣೆಯ ಕಡೆಗೆ, ಉಳಿದ 9,92,063 ಇವತ್ತಿನ ಆದಾಯಕ್ಕೆ.

ಮೊದಲ ವರ್ಷ 4,000 ಪಾಯಿಂಟು ವಾಪಸು ಬಂತು. ಇದು 10,000ದ ಶೇಕಡಾ 40 ಎಂದು ಲೆಕ್ಕ ಹಾಕುವಂತಿಲ್ಲ. ಬರುತ್ತವೆ ಎಂದುಕೊಂಡ 8,000ದಲ್ಲಿ ಅರ್ಧ. ಆದ್ದರಿಂದ ಹೊಣೆಯ ಅರ್ಧ, 3,968 ರೂಪಾಯಿ, ಆದಾಯಕ್ಕೆ ಬಿಡುಗಡೆ. ಅಂದರೆ ಯಾರೂ ಬಳಸದ 2,000 ಪಾಯಿಂಟಿನ ಹಣಕ್ಕಾಗಿ ಅಂಗಡಿ ಕೊನೆಯ ದಿನದವರೆಗೆ ಕಾಯುವುದಿಲ್ಲ. ಬಳಸಿದವರ ಜೊತೆಜೊತೆಗೇ ಅದೂ ಸ್ವಲ್ಪಸ್ವಲ್ಪವಾಗಿ ಆದಾಯವಾಗುತ್ತದೆ.

ಎರಡನೆಯ ವರ್ಷ ಜನ ಎಣಿಸಿದ್ದಕ್ಕಿಂತ ಹೆಚ್ಚು ಬಂದರು. ಅಂದಾಜನ್ನು 9,000ಕ್ಕೆ ಏರಿಸಬೇಕಾಯಿತು. ಒಟ್ಟು ಬಂದದ್ದು 7,200, ಅಂದರೆ 9,000ದ ಶೇಕಡಾ 80. ಅಲ್ಲಿಗೆ ಒಟ್ಟು ಆದಾಯ 6,350 ಆಗಬೇಕು. ಮೊದಲ ವರ್ಷದ್ದನ್ನು ಕಳೆದರೆ ಈ ವರ್ಷಕ್ಕೆ 2,382. ಹೊಣೆಯಲ್ಲಿ ಉಳಿದದ್ದು 1,587. ಮೂರನೆಯ ವರ್ಷ ಇನ್ನೂ 1,200 ಬಂದು, ಉಳಿದದ್ದು ಅವಧಿ ಮುಗಿದು ರದ್ದಾಯಿತು. ಬಂದದ್ದಕ್ಕೆ 1,058 ರೂಪಾಯಿ. ಬರುತ್ತಾರೆಂದು ಕಾದು ಬಾರದೆ ಹೋದ 600 ಪಾಯಿಂಟಿಗೆ 529 ರೂಪಾಯಿ, ಅವಧಿ ಮುಗಿದ ದಿನ ಆದಾಯ. ಪುಟ ಸೊನ್ನೆಗೆ ಬಂತು.

ಇಡೀ ಲೆಕ್ಕ ನಿಂತಿರುವುದು "ಎಷ್ಟು ಜನ ಬರುತ್ತಾರೆ" ಎಂಬ ಒಂದು ಅಂದಾಜಿನ ಮೇಲೆ. ಅದನ್ನು 6,000 ಎಂದು ಹಿಡಿದಿದ್ದರೆ ಮೊದಲ ದಿನವೇ ಹೊಣೆ ಸುಮಾರು 2,000 ರೂಪಾಯಿ ಕಡಿಮೆ, ಲಾಭ ಅಷ್ಟೇ ಹೆಚ್ಚು. ತಪ್ಪನ್ನು ಹಿಡಿಯುವ ದಾರಿಯೂ ಇದೆ. ಪ್ರತಿ ವರ್ಷ ಕೊಟ್ಟ ಪಾಯಿಂಟುಗಳನ್ನು ಬೇರೆ ಬೇರೆಯಾಗಿಟ್ಟು, ಅವಧಿ ಮುಗಿದಾಗ ನಿಜವಾಗಿ ಎಷ್ಟು ಬಂತೆಂದು ಹಳೆಯ ಅಂದಾಜಿನ ಪಕ್ಕದಲ್ಲಿಟ್ಟು ನೋಡಬೇಕು. ಪ್ರತಿ ಸಲವೂ ನಿಜ ಸಂಖ್ಯೆ ಅಂದಾಜಿಗಿಂತ ಮೇಲಿದ್ದರೆ ಆದಾಯವನ್ನು ಮುಂಚೆಯೇ ಎಳೆದುಕೊಳ್ಳುತ್ತಿದ್ದಾರೆ ಎಂದರ್ಥ. ಫೋನಿನಲ್ಲಿ ನೆನಪಿಸುವ ಸಂದೇಶ ಬರತೊಡಗಿದರೆ ಬಳಸುವವರು ಹೆಚ್ಚಬಹುದು, ಆಗ ಹಳೆಯ ಶೇಕಡಾವಾರು ಕೆಲಸಕ್ಕೆ ಬಾರದು.

ಇನ್ನು ಬ್ಯಾಂಕಿನ ಮಾತು. ನಮ್ಮಲ್ಲಿ 10 ವರ್ಷ ಯಾರೂ ಮುಟ್ಟದ ಠೇವಣಿ 2014ರ ಯೋಜನೆಯಂತೆ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದು ಬ್ಯಾಂಕಿನ ಲಾಭವಾಗುವಂತಿಲ್ಲ. ಠೇವಣಿದಾರನೋ ಅವನ ವಾರಸುದಾರನೋ ಆಮೇಲೆ ಬಂದು ಕೇಳಿದರೂ ಕೊಡಲೇಬೇಕು. ಅಂಗಡಿಯ ಹೊಣೆ ಮಾತ್ರ ನೀವು ಮರೆತರೆ ಅದರ ಆದಾಯವಾಗುತ್ತದೆ, ಅದೂ ನಿಯಮದ ಪ್ರಕಾರವೇ. ಠೇವಣಿಯಲ್ಲಿ ಕಟ್ಟಿದ ಹಣವನ್ನೇ ವಾಪಸು ಕೊಡುವ ಮಾತಿದೆ. ಪಾಯಿಂಟಿನಲ್ಲಿರುವುದು ಗಡುವಿನೊಳಗೆ ಬಂದರೆ ಸಾಮಾನು ಕೊಡುವ ಮಾತು, ಆ ಗಡುವನ್ನು ಬರೆಯುವವನೂ ಅಂಗಡಿಯವನೇ.

ಸ್ಟಾಂಪಿನ ಕಾಲದ ಇಂಗ್ಲೆಂಡಿನ ಗ್ರಾಹಕನಿಗೆ ಕಾನೂನು ನಗದು ಕೇಳುವ ಹಕ್ಕು ಕೊಟ್ಟಿತ್ತು. ಲೆಕ್ಕಪತ್ರದ ನಿಯಮಗಳು ಅಂಥ ಹಕ್ಕನ್ನು ಕೊಡುವುದಿಲ್ಲ. ನಮ್ಮ ಪಾಯಿಂಟು ಸಾಲವೇ ಎಂದು ಒಪ್ಪಿಕೊಂಡು, ಅದು ಯಾವಾಗ ಅಂಗಡಿಯ ಆದಾಯವಾಗಬಹುದು ಎಂದಷ್ಟೇ ಹೇಳುತ್ತವೆ. ಆದ್ದರಿಂದ ಪಾಯಿಂಟುಗಳ ವಿಷಯದಲ್ಲಿ ಗ್ರಾಹಕ ಓದಬೇಕಾದದ್ದು ಒಂದೇ, ಅವಧಿ ಮುಗಿಯುವ ತಾರೀಖು. ಏನಂತೀರಿ?