ಪಾಸ್‌ಪೋರ್ಟ್ ಯಾರ ಕೈಯಲ್ಲಿ, ಬಿಡುಗಡೆ ಯಾರ ಒಪ್ಪಿಗೆಯಲ್ಲಿ: ಕೊಲ್ಲಿ ರಾಷ್ಟ್ರಗಳ ಮನೆಗೆಲಸದವರ ಹಕ್ಕುಗಳು

2016ರಲ್ಲಿ ಉಡುಪಿ ಜಿಲ್ಲೆಯ ಮಹಿಳೆಯೊಬ್ಬರು ಕತಾರಿನಲ್ಲಿ ಕೆಲಸ ಕೊಡಿಸುತ್ತೇನೆಂಬ ಏಜೆಂಟನ ಮಾತು ನಂಬಿ ಮನೆ ಬಿಟ್ಟರು. ಹೋಗಿ ಸೇರಿದ್ದು ಸೌದಿ ಅರೇಬಿಯಾಕ್ಕೆ, ದುಡಿದದ್ದು ಯಾನ್ಬುವಿನಲ್ಲಿ. ಊರಿಗೆ ಕಳಿಸಿ ಎಂದಾಗ ಯಜಮಾನ ಕೇಳಿದ್ದು 24,000 ರಿಯಾಲ್. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನಭಾಗ್ ಪಟ್ಟು ಹಿಡಿದು ಬೆನ್ನತ್ತಿದ ಮೇಲೆ, 2017ರ ಸೆಪ್ಟೆಂಬರಿನಲ್ಲಿ ಆಕೆ ಮರಳಿದರು. ಆಕೆಯನ್ನು ಅಷ್ಟು ಕಾಲ ಕಟ್ಟಿಹಾಕಿದ್ದು ಯಾವುದು ಎಂಬುದೇ ಈ ಲೇಖನದ ಪ್ರಶ್ನೆ.

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಗಮನ ಪಾಸ್‌ಪೋರ್ಟಿನ ಮೇಲೆ ನಿಲ್ಲುತ್ತದೆ. ಅದರ ಮಟ್ಟಿಗೆ ಕಾನೂನಿನಲ್ಲಿ ಗೊಂದಲವಿಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನಂತೆ ಆ ಪುಸ್ತಿಕೆ ಸದಾ ಭಾರತ ಸರ್ಕಾರದ ಸ್ವತ್ತು. ಅದನ್ನು ಒತ್ತೆ ಇಡಲು ಹೊತ್ತವರಿಗೇ ಹಕ್ಕಿಲ್ಲದಿರುವಾಗ ಯಜಮಾನನಿಗೆ ಎಲ್ಲಿಂದ ಬಂತು? ಸೌದಿಯ ಮಂತ್ರಿಮಂಡಲವೂ 2000ದಲ್ಲೇ ಕಾರ್ಮಿಕರ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದನ್ನು ನಿಷೇಧಿಸಿತ್ತು. ಗುರುತಿನ ಕಾಗದ ಕಿತ್ತುಕೊಳ್ಳುವುದನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬಲವಂತದ ದುಡಿಮೆಯ ಹನ್ನೊಂದು ಸೂಚಕಗಳಲ್ಲಿ ಒಂದೆಂದು ಎಣಿಸುತ್ತದೆ. ಇನ್ನು ಪಾಸ್‌ಪೋರ್ಟ್ ಕೈಗೆ ಸಿಗದಿದ್ದರೂ ನಮ್ಮ ರಾಯಭಾರ ಕಚೇರಿ ತುರ್ತು ಪ್ರಮಾಣಪತ್ರ ಕೊಡಬಲ್ಲದು. ತಾಯ್ನಾಡಿಗೆ ಒಮ್ಮೆ ಮರಳಲು ಅಷ್ಟು ಸಾಕು.

ಆದರೆ ಆ ಪ್ರಮಾಣಪತ್ರ ಭಾರತದ ಬಾಗಿಲನ್ನು ತೆರೆಯುತ್ತದೆಯೇ ಹೊರತು ಸೌದಿಯ ಬಾಗಿಲನ್ನಲ್ಲ. ಅಲ್ಲಿನ ವಾಸದ ಗುರುತುಚೀಟಿಗೆ ಇಕಾಮಾ ಎನ್ನುತ್ತಾರೆ. ಅದರಲ್ಲಿ ಕೆಲಸದವರ ಹೆಸರಿನ ಜೊತೆಗೆ ಯಜಮಾನನ ಹೆಸರೂ ಇರುತ್ತದೆ. ನಮ್ಮ ಜನ 'ಕಫೀಲ' ಎನ್ನುವುದು ಇವನನ್ನೇ. ಮನೆಗೆಲಸದವರು ದೇಶ ಬಿಡಲು ಬೇಕಾದ ನಿರ್ಗಮನ ವೀಸಾವನ್ನು ಪಡೆದುಕೊಡಬೇಕಾದವನೂ ಅವನೇ. ಕಿರುಕುಳ ತಾಳದೆ ಮನೆಯಿಂದ ಹೊರಬಿದ್ದರೆ, 'ಓಡಿಹೋಗಿದ್ದಾಳೆ' ಎಂದು ಅವನು ದೂರು ದಾಖಲಿಸಬಹುದು. ಅಲ್ಲಿ ಅದಕ್ಕೆ ಹುರೂಬ್ ಎಂಬ ಹೆಸರು. ಹುರೂಬ್ ಬಿದ್ದರೆ ವಾಸವೇ ಅಕ್ರಮವಾಗಿ, ದೂರು ಕೊಡಬೇಕಾದವಳೇ ಆರೋಪಿಯಾಗುತ್ತಾಳೆ. ಯಾನ್ಬುವಿನ ಯಜಮಾನ 24,000 ರಿಯಾಲ್ ಕೇಳಲು ಸಾಧ್ಯವಾದದ್ದು ಕೈಯಲ್ಲಿದ್ದ ಪುಸ್ತಿಕೆಯಿಂದಷ್ಟೇ ಅಲ್ಲ, ಈ ಒಪ್ಪಿಗೆಯ ಅಧಿಕಾರದಿಂದ. ಆಕೆಯನ್ನು ಕರೆತರಿಸಲು ಮಾಡಿದ ಖರ್ಚನ್ನು ಅವನು ಆಕೆಯ ತಲೆಯ ಮೇಲಿನ ಸಾಲವಾಗಿ ಮಾಡಿಕೊಂಡ. ನಮ್ಮ ಹಳ್ಳಿಗಳು ಜೀತದ ಲೆಕ್ಕದಲ್ಲಿ ಕಂಡಿದ್ದು ಇದನ್ನೇ.

2021ರ ಮಾರ್ಚ್ 14ರಿಂದ ಸೌದಿಯಲ್ಲಿ ಸುಧಾರಣೆ ಜಾರಿಯಾಗಿ, ಖಾಸಗಿ ಕಂಪನಿಗಳ ನೌಕರರು ಯಜಮಾನನ ಒಪ್ಪಿಗೆಯಿಲ್ಲದೆ ನಿರ್ಗಮನ ಅನುಮತಿ ಕೇಳುವಂತಾಯಿತು. ಮನೆಗೆಲಸದವರು, ಮನೆಯ ಚಾಲಕರು, ತೋಟದ ಮಾಲಿಗಳನ್ನು ಅದರಿಂದ ಹೊರಗಿಟ್ಟರು. ಮುಚ್ಚಿದ ಬಾಗಿಲ ಹಿಂದೆ ದುಡಿಯುವವರನ್ನೇ ಕೈಬಿಟ್ಟ ಸುಧಾರಣೆಯನ್ನು ಅರ್ಧ ಸುಧಾರಣೆ ಎನ್ನಲೂ ನನಗೆ ಮನಸ್ಸು ಬರುವುದಿಲ್ಲ. ಮಾಡಬೇಕೆಂದರೆ ಆಗುತ್ತದೆ ಎನ್ನಲು ಪಕ್ಕದ ಕತಾರೇ ಸಾಕ್ಷಿ. ಅಲ್ಲಿ 2020ರ ಜನವರಿಯಲ್ಲಿ ಮನೆಗೆಲಸದವರಿಗೂ ನಿರ್ಗಮನ ಅನುಮತಿಯ ಕಟ್ಟು ಬಿಚ್ಚಿತು; ಹೊರಡುವ 72 ಗಂಟೆ ಮೊದಲು ಯಜಮಾನನಿಗೆ ತಿಳಿಸಿದರಾಯಿತು.

ಈ ಕಟ್ಟು ಬೀಳುವುದು ಪರದೇಶದಲ್ಲಾದರೂ ಅದರ ಮೊದಲ ಗಂಟು ಇಲ್ಲಿಯದು. ಹತ್ತನೇ ತರಗತಿ ಪಾಸಾಗದವರು ಪಾಸ್‌ಪೋರ್ಟ್ ಮಾಡಿಸಿದರೆ ಸಾಮಾನ್ಯವಾಗಿ ಅದರಲ್ಲಿ 'ಇಸಿಆರ್' ಎಂದು ನಮೂದಾಗುತ್ತದೆ. ಅಂಥವರು ಕೊಲ್ಲಿಯ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯಂತೆ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಬೇಕು. ಆಗ ಯಜಮಾನನ ಹೆಸರು, ಸಂಬಳ, ಕರಾರು ಎಲ್ಲವೂ 'ಇ-ಮೈಗ್ರೇಟ್' ಜಾಲತಾಣದಲ್ಲಿ ದಾಖಲಾಗುತ್ತವೆ. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ಕೇಳುವಂತಿಲ್ಲ. ಕಳ್ಳ ಏಜೆಂಟ್ ಈ ದಾಖಲೆಯನ್ನೇ ತಪ್ಪಿಸಲು ಭೇಟಿ ವೀಸಾ ಹಿಡಿಸಿ, 'ಕೇಳಿದರೆ ಅಕ್ಕನ ಮನೆಗೆ ಹೊರಟೆ ಅನ್ನಿ' ಎಂದು ಹೇಳಿಕೊಡುತ್ತಾನೆ. ಮೂವತ್ತು ತುಂಬದ ಇಸಿಆರ್ ಹೆಣ್ಣುಮಕ್ಕಳಿಗೆ ಅನುಮತಿಯೇ ಸಿಗುವುದಿಲ್ಲ. ಕಾಪಾಡಲೆಂದು ಮಾಡಿದ ಈ ನಿಯಮವೇ ಅವರನ್ನು ಅಂಥವನ ಕೈಗೆ ತಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ. ಭೇಟಿ ವೀಸಾದಲ್ಲಿ ಹೋದವರಿಗೆ ತೋರಿಸಲು ಕರಾರಿಲ್ಲ. ದುಡಿಮೆಯೇ ಕಾನೂನುಬಾಹಿರವಾಗಿ, ಸಂಬಳ ಕೇಳುವ ನೆಲೆಯೇ ಕುಸಿಯುತ್ತದೆ.

ಆದ್ದರಿಂದ ಪರೀಕ್ಷಿಸಬೇಕಾದ್ದು ವೀಸಾದ ಕಾಗದ. ಅದರಲ್ಲಿ ಯಾವ ದೇಶ, ಯಾವ ಬಗೆ, ಯಾರು ಕರೆಸಿಕೊಳ್ಳುತ್ತಿದ್ದಾರೆ ಎಂಬುದು ಬರೆದಿರುತ್ತದೆ. ಏಜೆಂಟ್ ಹೇಳಿದ್ದು ಕತಾರ್, ಕಾಗದದಲ್ಲಿರುವುದು ಸೌದಿ ಎಂದಾದರೆ ಮೋಸ ಅಲ್ಲೇ ಕಾಣುತ್ತದೆ. ಈ ಕಾಗದ, ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ಕರಾರು, ಇವುಗಳ ಫೋಟೊ ಹೊರಟವರ ಮೊಬೈಲಿನಲ್ಲಷ್ಟೇ ಇದ್ದರೆ ಸಾಲದು, ಮೊಬೈಲನ್ನೂ ಕಿತ್ತುಕೊಳ್ಳುತ್ತಾರೆ. ಮನೆಯಲ್ಲಿ ಒಂದು ಪ್ರತಿ ಇರಬೇಕು. ಏಕೆಂದರೆ ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ಬರೆಯಲು ಕೂರುವವರು ಊರಿನಲ್ಲಿ ಉಳಿದ ಅಣ್ಣನೋ ಗಂಡನೋ ಮಗಳೋ ಆಗಿರುತ್ತಾರೆ. ಆ ಹೊತ್ತಿಗೆ ಅವರ ಕೈಯಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಮತ್ತು ಕಫೀಲನ ಹೆಸರು ಇದ್ದರೆ, ರಾಯಭಾರ ಕಚೇರಿಗೆ ಯಾರ ಮನೆಯ ಬಾಗಿಲು ತಟ್ಟಬೇಕೆಂದು ತಿಳಿಯುತ್ತದೆ.