ಶಾಸನವಿರುವ ಪುಟಕ್ಕೇ ನೇರ ಕೊಂಡಿ: ಎಪಿಗ್ರಾಫಿಯಾ ಕರ್ನಾಟಿಕದ ಮಂಡ್ಯ ಸೀಮೆಯ ಸಂಪುಟಗಳನ್ನು ಆಧರಿಸಿ

ಅಂತರಜಾಲದಲ್ಲಿರುವ ಪಿಡಿಎಫ್ ಕಡತದ ವಿಳಾಸದ ತುದಿಗೆ `#page=` ಎಂದು ಬರೆದು ಒಂದು ಅಂಕಿಯನ್ನು ಸೇರಿಸಿದರೆ, ಕಡತ ಆ ಪುಟದಲ್ಲೇ ತೆರೆದುಕೊಳ್ಳುತ್ತದೆ. ಈ ರೂಢಿಯನ್ನು 2004ರ ಆರ್‌ಎಫ್‌ಸಿ 3778 ದಾಖಲಿಸಿತು. 2017ರ ಆರ್‌ಎಫ್‌ಸಿ 8118 ಅದನ್ನು ಪರಿಷ್ಕರಿಸಿತು. ಇಲ್ಲಿ ಪುಟವೆಂದರೆ ಕಡತದೊಳಗಿನ ಎಣಿಕೆಯ ಪುಟ. ರಕ್ಷಾಪುಟದಿಂದಲೇ 1, 2, 3 ಎಂದು ಎಣಿಕೆ ಶುರುವಾಗುತ್ತದೆ. ಪುಸ್ತಕದ ಹಾಳೆಯ ಮೇಲೆ ಅಚ್ಚಾಗಿರುವ ಸಂಖ್ಯೆಗೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಆಕರಗ್ರಂಥಗಳಿಗೆ ಕೊಂಡಿ ಕೊಡುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಎರಡು ಸಂಖ್ಯೆಗಳನ್ನು ಒಂದೆಂದು ತಿಳಿಯುವುದರಿಂದಲೇ ಹುಟ್ಟುತ್ತವೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಇತಿಹಾಸ ಬರೆಯುವವರು ದಿನವೂ ಮುಟ್ಟುವ ಆಕರ ಎಪಿಗ್ರಾಫಿಯಾ ಕರ್ನಾಟಿಕ. ಬಿ. ಎಲ್. ರೈಸ್ ಸಂಪಾದಿಸಿದ ಮೂರನೆಯ ಸಂಪುಟ (1894) ಶ್ರೀರಂಗಪಟ್ಟಣ ತಾಲ್ಲೂಕಿನ ಶಾಸನಗಳನ್ನೂ ನಾಲ್ಕನೆಯದು (1898) ಕೃಷ್ಣರಾಜಪೇಟೆ, ನಾಗಮಂಗಲಗಳ ಶಾಸನಗಳನ್ನೂ ಒಳಗೊಂಡಿವೆ. ಅಂದು ಇವೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದವು. ಪಾಂಡವಪುರ ತಾಲ್ಲೂಕು ಆ ವಿಂಗಡಣೆಯಲ್ಲಿಲ್ಲ. ಹೀಗಾಗಿ ಮೇಲುಕೋಟೆ, ತೊಣ್ಣೂರುಗಳ ಶಾಸನಗಳನ್ನು ಅಲ್ಲಿ ಶ್ರೀರಂಗಪಟ್ಟಣದ ಕೆಳಗೇ ಹುಡುಕಬೇಕು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳು ಆರನೆಯ ಸಂಪುಟಕ್ಕೆ (1977) ಸೇರಿದವು. ನಾಗಮಂಗಲ ಏಳನೆಯದಕ್ಕೆ (1979) ಹೋಯಿತು.

ರೈಸ್ ಸಂಪುಟದ ಜೋಡಣೆ ಕೊಂಡಿ ಕೊಡುವವರಿಗೆ ಒಂದು ವಿಶೇಷ ತೊಡಕನ್ನು ತಂದಿಡುತ್ತದೆ. ಪೀಠಿಕೆ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ, ಕನ್ನಡ ಲಿಪಿಯ ಪಾಠ ಎಂಬ ಭಾಗಗಳು ಒಂದೇ ರಟ್ಟಿನೊಳಗಿವೆ. ಆದರೆ ಪ್ರತಿ ಭಾಗದ ಪುಟಸಂಖ್ಯೆಯೂ ಹೊಸದಾಗಿ ಒಂದರಿಂದ ಶುರುವಾಗುತ್ತದೆ. ಆದ್ದರಿಂದ ‘ನಾಲ್ಕನೆಯ ಸಂಪುಟ, ಪುಟ 20’ ಎಂದಷ್ಟೇ ಹೇಳಿದರೆ ಯಾವ 20 ಎಂಬುದು ತಿಳಿಯುವುದಿಲ್ಲ. ಇಡೀ ಪುಸ್ತಕಕ್ಕೆ ‘ಮುನ್ನುಡಿಯ ಹಾಳೆಗಳಷ್ಟು ಸೇರಿಸಿದರೆ ಸಾಕು’ ಎಂಬ ಒಂದೇ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ರತಿ ಭಾಗಕ್ಕೂ ಅಂತರವನ್ನು ಬೇರೆಯಾಗಿ ಕಂಡುಕೊಳ್ಳಬೇಕು.

ನಾಗಮಂಗಲ ತಾಲ್ಲೂಕಿನ ದೇವರಹಳ್ಳಿ ತಾಮ್ರಪಟಗಳನ್ನು ತೆಗೆದುಕೊಳ್ಳಬಹುದು. ಗಂಗ ಶ್ರೀಪುರುಷನ ಐವತ್ತನೆಯ ಆಳ್ವಿಕೆಯ ವರ್ಷದ, ಶಕ 698ರ ಈ ದಾನಪತ್ರ ರೈಸರ ನಾಲ್ಕನೆಯ ಸಂಪುಟದಲ್ಲಿ ನಾಗಮಂಗಲ 85. ಇದರ ಅನುವಾದದ ಪುಟಕ್ಕೆ ಕೊಂಡಿ ಬೇಕಾಗಿದೆ ಎಂದುಕೊಳ್ಳೋಣ. ಮೊದಲು ಸ್ಕ್ಯಾನ್ ಪ್ರತಿಯಲ್ಲಿ ಅನುವಾದ ಭಾಗದ ಮೊದಲ ಪುಟವನ್ನು ಹುಡುಕಬೇಕು. ಅದು ಕಡತದ 213ನೆಯ ಪುಟವಾಗಿದ್ದರೆ ಅಂತರ 212. ಶಾಸನ ಆ ಭಾಗದ ಮುದ್ರಿತ 134ನೆಯ ಪುಟದಲ್ಲಿದ್ದರೆ, 134ಕ್ಕೆ 212 ಕೂಡಿ 346 ಆಗುತ್ತದೆ. ಈ ಅಂಕಿಗಳು ಲೆಕ್ಕದ ರೀತಿ ತೋರಿಸಲು ಇಟ್ಟುಕೊಂಡವು. ಪ್ರತಿ ಸ್ಕ್ಯಾನ್‌ಗೂ ಇವು ಬದಲಾಗುತ್ತವೆ. ಕೊಂಡಿ ಹೀಗಿರುತ್ತದೆ:

```
https://example.org/ec04.pdf#page=346
https://example.org/ec04.pdf#page=346&zoom=150
```

ಎರಡನೆಯ ಸಾಲು ಅಕ್ಷರಗಳನ್ನು ಒಂದೂವರೆ ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಸಮಚಿಹ್ನೆಯ ಅಕ್ಕಪಕ್ಕ ಖಾಲಿ ಜಾಗ ಇರಬಾರದು. ಕಡತದ ಹೆಸರಿನಲ್ಲೇ `#` ಇದ್ದರೆ ಅದನ್ನು `%23` ಎಂದು ಬರೆಯಬೇಕು. ಇಲ್ಲವಾದರೆ ವಿಳಾಸ ಅಲ್ಲಿಗೇ ತುಂಡಾಗಿ ಕಡತವೇ ಸಿಗುವುದಿಲ್ಲ.

ಲೆಕ್ಕ ಹಾಕಿದ ಮೇಲೆ ಅದೇ ಭಾಗದ ಇನ್ನೊಂದು ದೂರದ ಪುಟದಲ್ಲಿ ಪರೀಕ್ಷಿಸುವುದು ಅಗತ್ಯ. ಹಳೆಯ ಸಂಪುಟಗಳ ನಡುವೆ ಸಂಖ್ಯೆಯಿಲ್ಲದ ಚಿತ್ರಫಲಕಗಳನ್ನು ಸೇರಿಸಿ ಹೊಲಿದಿರುತ್ತಾರೆ. ಒಂದು ಫಲಕ ಬಂದರೆ ಅದರ ಮುಂದಿನ ಪುಟಗಳ ಅಂತರ ಒಂದೋ ಎರಡೋ ಹೆಚ್ಚುತ್ತದೆ. ಸ್ಕ್ಯಾನ್ ಮಾಡುವಾಗ ಒಂದು ಹಾಳೆ ತಪ್ಪಿಹೋಗಿದ್ದರೆ ಅಷ್ಟೇ ಕಡಿಮೆಯಾಗುತ್ತದೆ. ಪುಸ್ತಕವನ್ನು ಬಿಡಿಸಿಟ್ಟು ಎದುರುಬದುರಿನ ಎರಡು ಪುಟಗಳನ್ನು ಒಂದೇ ಚಿತ್ರವಾಗಿ ತೆಗೆದ ಪ್ರತಿಯಲ್ಲಂತೂ ಮುದ್ರಿತ ಸಂಖ್ಯೆಯನ್ನು ಅರ್ಧ ಮಾಡಿ, ಭಿನ್ನ ಬಂದರೆ ಅದನ್ನು ಬಿಟ್ಟು, ಭಾಗದ ಮೊದಲ ಪುಟವಿರುವ ಚಿತ್ರದ ಸಂಖ್ಯೆಯನ್ನೇ ಅದಕ್ಕೆ ಕೂಡಿಸಬೇಕು. ಭಾಗದ ಮೊದಲಲ್ಲಿ ಸರಿಯಾಗಿ ಕೂತ ಕೊಂಡಿಗಳು ಕೊನೆಯತ್ತ ಒಂದೆರಡು ಪುಟ ಸರಿದು ಬಿದ್ದರೆ, ಕಾರಣ ನಡುವಿನ ಫಲಕ ಅಥವಾ ತಪ್ಪಿಹೋದ ಹಾಳೆ ಎಂದು ತಿಳಿಯಬಹುದು.

ಇನ್ನೊಂದು ಗೊಂದಲ ಪರದೆಯಲ್ಲೇ ಇದೆ. ಪಿಡಿಎಫ್ ತಯಾರಿಸಿದವರು ಮುದ್ರಿತ ಸಂಖ್ಯೆಗಳನ್ನು ಪುಟಗಳಿಗೆ ಹೆಸರಾಗಿ ಕೊಟ್ಟಿದ್ದರೆ, ಮೇಲಿನ ಪಟ್ಟಿಯ ಚೌಕದಲ್ಲಿ 134 ಎಂದೇ ಕಾಣಿಸಬಹುದು. ಫೈರ್‌ಫಾಕ್ಸ್ ಅಂಥ ಕಡತದಲ್ಲಿ ಪಕ್ಕದ ಆವರಣದೊಳಗೆ ನಿಜವಾದ ಎಣಿಕೆಯನ್ನೂ ತೋರಿಸುತ್ತದೆ. ಕೊಂಡಿಗೆ ಬೇಕಾದದ್ದು ಆವರಣದೊಳಗಿನ ಅಂಕಿ.

ಇಷ್ಟೆಲ್ಲ ಸರಿಯಿದ್ದರೂ ಕೊಂಡಿ ಮೊದಲ ಪುಟದಲ್ಲೇ ತೆರೆಯುವುದುಂಟು. ಇದಕ್ಕೆ ಕಾರಣ ಸರಳ. ವಿಳಾಸದಲ್ಲಿ `#`ನಿಂದ ಮುಂದಿನ ಭಾಗ ಸರ್ವರಿಗೆ ಹೋಗುವುದೇ ಇಲ್ಲ. ಅದನ್ನು ಓದಿ ಪುಟ ತಿರುವುವುದು ಓದುಗರ ಕೈಯಲ್ಲಿರುವ ತಂತ್ರಾಂಶದ ಕೆಲಸ. ಕಂಪ್ಯೂಟರಿನ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ಗಳು ಇದನ್ನು ಪಾಲಿಸುತ್ತವೆ. ಫೋನಿನಲ್ಲಿ ಈ ಭರವಸೆಯಿಲ್ಲ. ಹಲವು ಕಡೆ ಕಡತ ಮೊದಲು ಡೌನ್‌ಲೋಡ್ ಆಗಿ, ಬೇರೆ ಆ್ಯಪ್‌ನಲ್ಲಿ ತೆರೆಯುವಾಗ ಪುಟದ ಅಂಕಿ ಬಿಟ್ಟುಹೋಗುತ್ತದೆ. ಕಡತವನ್ನು ಕಡ್ಡಾಯವಾಗಿ ಡೌನ್‌ಲೋಡ್ ಮಾಡಿಸುವ ಸರ್ವರುಗಳಲ್ಲೂ ಇದೇ ಫಲ. ಗೂಗಲ್ ಡ್ರೈವ್‌ನ ಹಂಚಿಕೆಯ ಕೊಂಡಿ ಕಡತದ ವಿಳಾಸವಲ್ಲ, ಅದನ್ನು ತೋರಿಸುವ ಪರದೆಯ ವಿಳಾಸ. ಅದಕ್ಕೆ `#page=` ಸೇರಿಸಿ ಪ್ರಯೋಜನವಿಲ್ಲ.

ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಪ್ರತಿಗೆ ಎರಡು ದಾರಿಗಳಿವೆ. ಪಿಡಿಎಫ್ ಕಡತಕ್ಕೇ ಕೊಂಡಿ ಕೊಟ್ಟರೆ ಮೇಲಿನ ಲೆಕ್ಕ ಅನ್ವಯಿಸುತ್ತದೆ. ಅಲ್ಲಿನ ಓದುವ ಪರದೆಗೆ ಕೊಡುವುದಾದರೆ ರೂಪ ಬೇರೆ:

```
https://archive.org/details/<ID>/page/n345/mode/1up
```

ಇಲ್ಲಿ `n` ನಂತರದ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಹಾಗಾಗಿ ಕಡತದ 346ನೆಯ ಪುಟ ಸಾಮಾನ್ಯವಾಗಿ `n345` ಆಗುತ್ತದೆ. ಈ ದಾರಿಯಲ್ಲಿ ಇಡೀ ಸಂಪುಟ ಇಳಿಯುವವರೆಗೆ ಕಾಯಬೇಕಿಲ್ಲ, ಫೋನಿನಲ್ಲೂ ಪುಟ ತಪ್ಪುವುದಿಲ್ಲ. ನೂರಾರು ಪುಟಗಳ ಶಾಸನ ಸಂಪುಟಗಳಿಗೆ ಇದೇ ಹೆಚ್ಚು ಅನುಕೂಲ.

ಪುಟಸಂಖ್ಯೆಯ ಕೊಂಡಿಗೆ ಒಂದು ಮೂಲಭೂತ ದೌರ್ಬಲ್ಯವಿದೆ. ಅದೇ ವಿಳಾಸದಲ್ಲಿ ಇನ್ನೂ ಒಳ್ಳೆಯ ಸ್ಕ್ಯಾನ್ ಇಟ್ಟರೆ, ಖಾಲಿ ಹಾಳೆಗಳನ್ನು ತೆಗೆದುಹಾಕಿದರೆ, ಹಳೆಯ ಕೊಂಡಿಗಳೆಲ್ಲ ಏಕಕಾಲಕ್ಕೆ ತಪ್ಪುತ್ತವೆ. ಆಗ ತಪ್ಪಿದೆ ಎಂಬ ಸೂಚನೆಯೂ ಬರುವುದಿಲ್ಲ, ಬೇರೊಂದು ಶಾಸನ ತೆರೆದುಕೊಳ್ಳುತ್ತದೆ ಅಷ್ಟೇ. ಇದಕ್ಕೆ ಪಿಡಿಎಫ್ ವ್ಯವಸ್ಥೆಯಲ್ಲೇ ಪರಿಹಾರವಿದೆ. ಪುಟದ ಒಂದು ಜಾಗಕ್ಕೆ ಹೆಸರಿಟ್ಟು, ಆ ಹೆಸರಿಗೆ ಕೊಂಡಿ ಕೊಡಬಹುದು:

```
https://example.org/ec04.pdf#nameddest=EC4-Ng85-tr
```

ಶಾಸನಶಾಸ್ತ್ರದಲ್ಲಿ ಇಂಥ ಹೆಸರುಗಳನ್ನು ಹೊಸದಾಗಿ ಹುಡುಕಬೇಕಿಲ್ಲ. ತಾಲ್ಲೂಕಿನ ಸಂಕ್ಷೇಪ ಮತ್ತು ಶಾಸನದ ಸಂಖ್ಯೆಯಿಂದ ಉಲ್ಲೇಖಿಸುವ ಪದ್ಧತಿ ರೈಸರ ಕಾಲದಿಂದ ಬಂದಿದೆ, ವಿದ್ವಾಂಸರು ಪುಟಕ್ಕಿಂತ ಅದನ್ನೇ ನೆಚ್ಚುತ್ತಾರೆ. ಆದರೆ ಹೆಸರಿನಲ್ಲಿ ಸಂಪುಟವೂ ಭಾಗವೂ ಸೇರಿರಬೇಕು. ಪರಿಷ್ಕೃತ ಆವೃತ್ತಿಯಲ್ಲಿ ಶಾಸನಗಳಿಗೆ ಹೊಸ ಕ್ರಮಸಂಖ್ಯೆ ಬಂದಿರುವುದರಿಂದ, ‘ನಾಗಮಂಗಲ 85’ ಎಂಬುದು ಎರಡು ಆವೃತ್ತಿಗಳಲ್ಲಿ ಬೇರೆ ಬೇರೆ ಶಾಸನವನ್ನು ಸೂಚಿಸೀತು. ಮೇಲುಕೋಟೆಯ ಶಾಸನವೊಂದು ಹಳೆಯದರಲ್ಲಿ ಶ್ರೀರಂಗಪಟ್ಟಣದ ಅಡಿ, ಹೊಸದರಲ್ಲಿ ಪಾಂಡವಪುರದ ಅಡಿ ಇರುತ್ತದೆ.

ಈ ಹೆಸರುಗಳನ್ನು ಕಡತದ ಒಡೆಯರು ಮಾತ್ರ ಕೊಡಬಲ್ಲರು. ಹೊರಗಿನ ಲೇಖಕರಿಗೆ ಉಳಿಯುವುದು ಪುಟಸಂಖ್ಯೆಯ ಕೊಂಡಿಯೇ. ಅದರ ಜೊತೆಗೆ ಸಂಪುಟ, ಆವೃತ್ತಿಯ ವರ್ಷ, ತಾಲ್ಲೂಕು, ಶಾಸನದ ಸಂಖ್ಯೆ, ಭಾಗ ಮತ್ತು ಮುದ್ರಿತ ಪುಟವನ್ನು ಅಕ್ಷರದಲ್ಲೇ ಬರೆದರೆ, ಕೊಂಡಿ ಸರಿದಾಗ ಓದುಗರು ಅಂತರವನ್ನು ತಾವೇ ಮತ್ತೆ ಲೆಕ್ಕಹಾಕಿ ಶಾಸನವನ್ನು ತಲುಪುತ್ತಾರೆ.